ಊರ ಹೆಸರು ಬರುತ್ತೆ, ಪಕ್ಷಿ ಬರಲ್ಲ

ಪ್ರಗತಿ ಪತ್ರದ ಷರಾ ಕಾಲಮ್ಮಿನಲ್ಲಿ ನಾವು ಮೇಷ್ಟ್ರುಗಳು ತಲೆಮಾರಿನಿಂದ ಬರೆದುಕೊಂಡು ಬಂದಿರುವ ಸಾಲೊಂದಿದೆ: ‘ಓದಿನಲ್ಲಿ ಹಿಂದಿದ್ದಾಳೆ, ಮನೆಯಲ್ಲಿ ಗಮನ ಕೊಡಿ.’ ಯಾವ ಓದಿನಲ್ಲಿ, ಎಷ್ಟು ಹಿಂದೆ, ಗಮನ ಕೊಡುವುದೆಂದರೆ ಏನು ಮಾಡುವುದು, ಇದೊಂದೂ ಅದರಲ್ಲಿ ಇರುವುದಿಲ್ಲ. ಆ ಸಾಲು ಮನೆ ಸೇರಿದಾಗ ಎರಡರಲ್ಲಿ ಒಂದು ಆಗುತ್ತದೆ. ಮಗುವಿಗೆ ಬೈಗುಳವೋ ಏಟೋ ಬೀಳುತ್ತದೆ, ಇಲ್ಲವೇ ಟ್ಯೂಷನ್ನಿಗೆ ಹಾಕುತ್ತಾರೆ. ವಿರೂಪಾಕ್ಷಿಪುರದ ಕಡೆಯ ನನ್ನ ಮೂರನೇ ತರಗತಿಯ ಒಬ್ಬ ಹುಡುಗಿಯ ಮನೆಗೆ ಬೇರೆ ಥರದ ಪತ್ರ ಬರೆಯಬೇಕಾಯಿತು. ಅದರಲ್ಲಿ ಏನಿರಬೇಕು ಎನ್ನುವುದು ಹೇಗೆ ಸಿಕ್ಕಿತು ಎಂಬುದೇ ಈ ಕತೆ. ಅರ್ಧ ನಮ್ಮ ಶಾಲೆಯ ಬೋರ್ಡಿನಲ್ಲಿ ಸಿಕ್ಕಿತು, ಕಾಲು ಭಾಗ ಬೆಂಗಳೂರಿನಲ್ಲಿ, ಉಳಿದದ್ದು ಲಂಡನ್ನಿನ ಕೂಲಿಕಾರರ ಬಡಾವಣೆಯಲ್ಲಿ.

ಮೊದಲು ಬೋರ್ಡಿನ ವಿಷಯ. ಈ ಹುಡುಗಿ ದಡ್ಡಿಯಲ್ಲ. ಲೆಕ್ಕದಲ್ಲಿ ಚುರುಕು. ನಾನು ಕತೆ ಓದಿ ಹೇಳಿದರೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು, ನರಿ ಹಾಗೆ ಮಾಡಬಾರದಿತ್ತು ಎಂದು ತನ್ನದೊಂದು ಮಾತನ್ನೂ ಸೇರಿಸುತ್ತಾಳೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ದನಿ ಇಳಿಯುತ್ತದೆ. ಎರಡನೇ ತರಗತಿಯ ಮಟ್ಟದ 52 ಪದಗಳ ಒಂದು ಕತೆಯನ್ನು ಓದಲು ಕೊಟ್ಟು, ಅದರ ಇನ್ನೊಂದು ಪ್ರತಿ ನನ್ನ ಕೈಯಲ್ಲಿಟ್ಟುಕೊಂಡು ಅವಳು ಹೇಳಿದ್ದನ್ನು ಹೇಳಿದ ಹಾಗೇ ಪದದ ಮೇಲೆ ಬರೆದುಕೊಂಡೆ. ತಪ್ಪು ಎಷ್ಟು ಎಂದು ಎಣಿಸುವುದಕ್ಕಿಂತ ತಪ್ಪು ಎಂಥದ್ದು ಎಂದು ನೋಡುವುದಕ್ಕೆ ಇದೊಂದೇ ದಾರಿ. ಒಂದು ನಿಮಿಷದಲ್ಲಿ 19 ಪದ ಮುಟ್ಟಿದಳು, ಅದರಲ್ಲಿ 7 ತಪ್ಪು. ‘ಕಾಡಿಗೆ’ ಎಂಬುದು ‘ಕಡಿಗೆ’ ಆಗಿತ್ತು, ‘ಗೂಡು’ ‘ಗುಡು’, ‘ಬೀಜ’ ‘ಬಿಜ’. ‘ಬೆಟ್ಟ’ವನ್ನು ‘ಬೆಟ’ ಎಂದಳು, ‘ರಸ್ತೆ’ಯನ್ನು ‘ರಸೆ’, ‘ಕನ್ನಡಿ’ಯನ್ನು ‘ಕನಡಿ’. ‘ಹೂವು’ ಮಾತ್ರ ‘ಹೂಮ’ ಆಯಿತು. ನಗುವಂತಿಲ್ಲ, ವಕಾರಕ್ಕೆ ಉಕಾರದ ಕೊಂಬು ಹತ್ತಿದರೆ ಅದು ಮಕಾರದ ದಾಯಾದಿಯಂತೆಯೇ ಕಾಣುತ್ತದೆ.

ಏಳು ತಪ್ಪುಗಳನ್ನು ಪಕ್ಕಪಕ್ಕ ಇಟ್ಟಾಗ ಚಿತ್ರ ತಾನಾಗಿ ಮೂಡಿತು. ಮೂರು ಕಡೆ ದೀರ್ಘ ಹ್ರಸ್ವವಾಗಿದೆ, ಮೂರು ಕಡೆ ಒತ್ತು ಬಿದ್ದುಹೋಗಿದೆ, ಒಂದು ಕಡೆ ರೂಪ ಹೋಲಿಕೆಯ ಗೊಂದಲ. ಮೂಲಾಕ್ಷರ ಒಂದೂ ತಪ್ಪಿಲ್ಲ. ಅಂದರೆ ನಲಿಕಲಿಯ ಮೊದಲ ಮೆಟ್ಟಿಲು, ‘ರ ಗ ಸ ದ ಅ’, ಅವಳಿಗೆ ಗಟ್ಟಿಯಾಗಿ ಬಂದಿದೆ. ಸಿಕ್ಕಿಕೊಂಡಿರುವುದು ಅದರ ಮೇಲಿನ ಎರಡು ಮೆಟ್ಟಿಲಲ್ಲಿ.

ಹಾಗಿದ್ದೂ ಎರಡು ವರ್ಷ ಇದು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ? ಅದಕ್ಕೆ ಉತ್ತರ ಶಾಲೆಯ ಬೋರ್ಡಿನಲ್ಲಿತ್ತು. ‘ವಿರೂಪಾಕ್ಷಿಪುರ’ ಎಂಬುದನ್ನು ಅವಳು ಕಣ್ಣು ಬಿದ್ದ ಕ್ಷಣವೇ ಓದುತ್ತಾಳೆ. ಆರು ಅಕ್ಷರದ ಈ ಹೆಸರಿನಲ್ಲಿ ಓದುಗರಿಗೆ ಬರುವ ಕಷ್ಟಗಳೆಲ್ಲ ಸಾಲಾಗಿ ನಿಂತಿವೆ: ಗುಡಿಸು, ದೀರ್ಘದ ಕೊಂಬು, ಇಳಿ, ಒತ್ತಕ್ಷರದ ಮೇಲೆ ಮತ್ತೊಂದು ಗುಡಿಸು, ಪಕಾರಕ್ಕೆ ಬೇರೆಯದೇ ರೀತಿಯಲ್ಲಿ ಅಂಟುವ ಕೊಂಬು. ಇದನ್ನು ಓದಬಲ್ಲವಳಿಗೆ ‘ಬೀಜ’ ಯಾಕೆ ಬರಲಿಲ್ಲ? ಚೀಟಿಯ ಮೇಲೆ ಅದೇ ಹೆಸರು ಬರೆದು, ಎರಡೂ ಕಡೆ ಬೆರಳಿಟ್ಟು ಮುಚ್ಚಿ, ನಡುವಿನ ‘ಕ್ಷಿ’ ಒಂದನ್ನೇ ತೋರಿಸಿದೆ. ಗೊತ್ತಿಲ್ಲ ಎಂದಳು. ಅದೇ ತುಂಡುಗಳಿಂದ ‘ರೂಪ’ ಬರೆದೆ, ‘ರುಪ’ ಎಂದಳು. ‘ಪಕ್ಷಿ’ ಬರೆದೆ, ತುಂಬ ಹೊತ್ತು ನೋಡಿ ‘ಪಕಿ’ ಎಂದಳು. ಊರ ಹೆಸರನ್ನು ಅವಳು ಓದುತ್ತಿರಲೇ ಇಲ್ಲ, ಗುರುತು ಹಿಡಿಯುತ್ತಿದ್ದಳು. ಎರಡು ವರ್ಷ ಪಾಠಗಳನ್ನೂ ಹೀಗೇ ಗುರುತು ಹಿಡಿದು ದಾಟಿಸಿದ್ದಳು. ತರಗತಿಯಲ್ಲಿ ಒಟ್ಟಾಗಿ ಓದುವಾಗ ಪಕ್ಕದವರ ದನಿಯೂ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಇದನ್ನು ಖಚಿತ ಮಾಡಿತು. ಕಾಗುಣಿತ ಹೇಳು ಎಂದರೆ ‘ಮ ಮಾ ಮಿ ಮೀ’ ಎಂದು ರಾಗವಾಗಿ ಕೊನೆಯವರೆಗೂ ಹೇಳುತ್ತಾಳೆ. ಬಿಡಿಯಾಗಿ ‘ಮೂ’ ಬರೆದು ತೋರಿಸಿದರೆ ತುಟಿ ಅಲ್ಲಾಡುತ್ತದೆ. ಮಕಾರದಿಂದ ಶುರು ಮಾಡಿ ಒಳಗೊಳಗೇ ಎಣಿಸಿಕೊಂಡು ಬಂದು ‘ಮೂ’ ಮುಟ್ಟುತ್ತಾಳೆ. ಪದ ಓದುವಾಗ ಹೀಗಾದರೆ ಅಷ್ಟು ಹೊತ್ತಿಗೆ ಅದರ ಮೊದಲ ಅಕ್ಷರ ಮರೆತಿರುತ್ತದೆ. ಮಗು ಓದುವಾಗ ತುಟಿಯನ್ನು ನೋಡಿ ಎಂದು ಹೊಸ ಮೇಷ್ಟ್ರುಗಳಿಗೆ ನಾನು ಹೇಳುವುದು ಇದಕ್ಕೇ.

ಇಲ್ಲಿಂದ ಬೆಂಗಳೂರಿಗೆ ಬರಬೇಕು. ದಿ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡದಲ್ಲಿ ಓದು ಕಲಿಯುವ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ‘ಓದು ಇಷ್ಟು ಹೊತ್ತಿಗೆ ಬರಬೇಕು’ ಎಂಬ ಲೆಕ್ಕವೆಲ್ಲ ಹೆಚ್ಚಾಗಿ ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವ ಮಕ್ಕಳಿಂದ ಬಂದದ್ದು. ನಾಗ್ ಕಂಡದ್ದು ಬೇರೆ: ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗುವ ಕೆಲಸ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಎಳೆಯುತ್ತದೆ. ಮಕ್ಕಳಿಗೆ ‘ಕಿ’ ಎಂಬುದು ಮೊದಲು ಒಂದೇ ಸದ್ದಾಗಿ ಕೇಳುತ್ತದೆ. ಅದರಲ್ಲಿ ‘ಕ್’ ಬೇರೆ, ‘ಇ’ ಬೇರೆ ಎಂಬ ಅರಿವು ನಿಧಾನವಾಗಿ ಬರುತ್ತದೆ. ನಮ್ಮ ವರ್ಣಮಾಲೆ 49 ಅಕ್ಷರದ್ದಾದರೂ ಪುಟದ ಮೇಲೆ ಮಗು ಎದುರಿಸುವುದು ಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರಗಳನ್ನು. ಒತ್ತುಗಳಲ್ಲೂ ಎಲ್ಲವೂ ಒಂದೇ ಥರ ಇಲ್ಲ. ‘ಅಪ್ಪ’, ‘ಅಕ್ಕ’, ‘ಅಜ್ಜ’ ಇವುಗಳಲ್ಲಿ ಕೆಳಗಿರುವುದು ಮೇಲಿನದರ ಮರಿಯಂತೆ ಕಾಣುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲದ ರೂಪವನ್ನೇ ಬಿಟ್ಟುಕೊಟ್ಟಿರುತ್ತದೆ. ನನ್ನ ಹುಡುಗಿ ತಪ್ಪಿದ ‘ರಸ್ತೆ’, ‘ಕನ್ನಡಿ’ ಎರಡೂ ಈ ಆರರ ಒಳಗಿನವೇ.

ಇದು ತಿಳಿದ ಮೇಲೆ ಪತ್ರದ ಮೊದಲರ್ಧದ ದನಿಯೇ ಬದಲಾಯಿತು. ಮೂರನೇ ತರಗತಿಯಲ್ಲಿ ಒತ್ತಕ್ಷರ ತೊಡರುವುದು ರೋಗವಲ್ಲ. ಅವಳು ಸಹಪಾಠಿಗಳಿಗಿಂತ ಹಿಂದಿರುವುದು ನಿಜ, ಆದರೆ ದಾರಿ ತಪ್ಪಿಲ್ಲ, ಅದೇ ದಾರಿಯಲ್ಲಿ ನಿಧಾನವಾಗಿದ್ದಾಳೆ. ಬೇರೆ ಚಿಹ್ನೆಗಳು ಕಂಡಿದ್ದರೆ ಬೇರೆ ಪತ್ರ ಬೇಕಾಗುತ್ತಿತ್ತು. ಮೂರನೇ ತರಗತಿಗೆ ಬಂದರೂ ಮೂಲಾಕ್ಷರವೇ ಇವತ್ತು ಬಂದು ನಾಳೆ ಮರೆಯುವುದು, ‘ಕಮಲ’ದಲ್ಲಿ ಎಷ್ಟು ತುಂಡು ಎಂದು ಚಪ್ಪಾಳೆ ತಟ್ಟಿ ಹೇಳಲಾಗದಿರುವುದು, ಕೇಳಿಸಿಕೊಂಡ ಕತೆಯೂ ತಲೆಗೆ ಹೋಗದಿರುವುದು, ಇವು ಕಂಡರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ ಎನ್ನುತ್ತಿದ್ದೆ. ಕಣ್ಣು, ಕಿವಿ ಮಾತ್ರ ಎಲ್ಲಕ್ಕಿಂತ ಮೊದಲು. ಬೋರ್ಡಿನದು ಓದಿ ಪುಸ್ತಕದ್ದು ಓದದವರೂ, ಅದರ ತಿರುಗುಮುರುಗಾದವರೂ ಇರುತ್ತಾರೆ. ಇವಳಿಗೆ ಎರಡೂ ಸರಿಯಿತ್ತು. ಕಾಯಿಲೆಯ ಹೆಸರೊಂದನ್ನು ಮೇಷ್ಟ್ರು ತಾನೇ ಇಟ್ಟು ಪತ್ರದಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಆ ಹೆಸರು ಊರೆಲ್ಲ ತಿರುಗುತ್ತದೆ.

ಇನ್ನು ಎರಡನೆಯ ಅರ್ಧ, ಮನೆಯಲ್ಲಿ ಏನು ಮಾಡಬೇಕೆಂಬುದು. ತೊಡಕು ಇದ್ದದ್ದು ಇಲ್ಲೇ. ಅವಳ ಅಪ್ಪನನ್ನು ಕರೆಸಿ ಮಾತಾಡಿದಾಗ ಅವರು ನೆಟ್ಟಗೆ ಹೇಳಿದರು: “ನಂದು ಹೆಬ್ಬೆಟ್ಟು ಮೇಷ್ಟ್ರೇ, ಅವ್ರವ್ವನೂ ಅಷ್ಟೇ. ನಾವೇನ್ ಹೇಳ್ಕೊಡಾನ?” ಮನೆಯಲ್ಲಿ ಏಳನೇ ತರಗತಿಯ ಅಣ್ಣ ಇದ್ದಾನೆ. ಹಿಪ್ಪುನೇರಳೆ ತೋಟ, ಹುಳುಮನೆ, ಎರಡು ಹಸು. ಡೇರಿಗೆ ಹಾಲು ಹಾಕಿ ಬಂದರೆ ಸೊಪ್ಪು ಕಡಿಯುವ ಕೆಲಸ.

ಮನೆಯವರು ಏನು ಮಾಡಬಲ್ಲರು ಎಂಬ ಇದೇ ಪ್ರಶ್ನೆಯನ್ನು 1970ರ ದಶಕದಲ್ಲಿ ಲಂಡನ್ನಿನಲ್ಲಿ ಜೆನ್ನಿ ಹೆವಿಸನ್ ಮತ್ತು ಜ್ಯಾಕ್ ಟಿಜರ್ಡ್ ಕೈಗೆತ್ತಿಕೊಂಡಿದ್ದರು. ದುಡಿಯುವ ಜನರ ಏಳು ವರ್ಷದ ಮಕ್ಕಳಲ್ಲಿ ಕೆಲವರು ಚೆನ್ನಾಗಿ ಓದುತ್ತಾರೆ, ಕೆಲವರು ಓದುವುದಿಲ್ಲ, ಯಾಕೆ ಎಂದು ಮನೆಮನೆಗೆ ಹೋಗಿ ವಿಚಾರಿಸಿದರು. ಎದ್ದು ಕಂಡದ್ದು ಒಂದು ಸಣ್ಣ ಅಭ್ಯಾಸ: ಮಗು ಗಟ್ಟಿಯಾಗಿ ಓದುವುದನ್ನು ತಾಯಿ ಕೂತು ಕೇಳುತ್ತಾಳೆಯೇ ಇಲ್ಲವೇ ಎಂಬುದು. ಬುದ್ಧಿಮತ್ತೆಯ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದರ ನಂಟು ಉಳಿಯಿತು. ಆದರೆ ನಂಟು ಕಂಡ ಮಾತ್ರಕ್ಕೆ ಕಾರಣ ಎನ್ನಲಾಗದು, ಓದುವ ಮಗುವಿನ ಓದನ್ನೇ ತಾಯಿ ಹೆಚ್ಚು ಕೇಳುತ್ತಿರಬಹುದಲ್ಲ? ಅದಕ್ಕೇ ಅವರು ಹ್ಯಾರಿಂಗೇ ಎಂಬ ಭಾಗದ ಶಾಲೆಗಳಲ್ಲಿ ಎರಡು ವರ್ಷದ ಪ್ರಯೋಗ ನಡೆಸಿದರು. ಕೆಲವು ತರಗತಿಗಳ ಮಕ್ಕಳು ಶಾಲೆಯ ಓದುಪುಸ್ತಕ ಮನೆಗೆ ಒಯ್ದು ಅಪ್ಪ ಅಮ್ಮನೆದುರು ಓದಬೇಕು. ಬೇರೆ ಕೆಲವು ತರಗತಿಗಳಿಗೆ ಶಾಲೆಯಲ್ಲೇ ಅನುಭವಿ ಶಿಕ್ಷಕಿಯಿಂದ ಚಿಕ್ಕ ಗುಂಪುಗಳಲ್ಲಿ ಹೆಚ್ಚುವರಿ ಪಾಠ. ಉಳಿದವರಿಗೆ ಎಂದಿನಂತೆ.

ಗೆದ್ದದ್ದು ಮನೆಗೆ ಪುಸ್ತಕ ಒಯ್ದವರು. ಹೆಚ್ಚುವರಿ ಪಾಠದ ಗುಂಪಿನಲ್ಲಿ ಅಂಥ ಏರಿಕೆ ಕಾಣಲಿಲ್ಲ. ನಮ್ಮ ಹುಡುಗಿಯ ಅಪ್ಪನ ಪ್ರಶ್ನೆಗೆ ಉತ್ತರವೂ ಅಲ್ಲೇ ಇತ್ತು: ಆ ತಾಯಿತಂದೆಯರಲ್ಲಿ ಇಂಗ್ಲಿಷ್ ಓದಲು ಬಾರದವರು, ಮನೆಯಲ್ಲಿ ಇಂಗ್ಲಿಷನ್ನೇ ಆಡದವರು ಇದ್ದರು. ಅವರ ಮಕ್ಕಳೂ ಮುಂದೆ ಬಂದರು. ವರದಿ ಅಚ್ಚಾದದ್ದು 1982ರಲ್ಲಿ. ಟಿಜರ್ಡ್ ಅದನ್ನು ನೋಡಲಿಲ್ಲ, 1979ರಲ್ಲೇ ತೀರಿಕೊಂಡಿದ್ದರು.

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಪವಾಡವಾಗಿಬಿಡುತ್ತದೆ. ಇಂಗ್ಲೆಂಡಿನದೇ ರಾಚ್‌ಡೇಲ್ ಎಂಬ ಊರಿನಲ್ಲಿ ಬೆಲ್‌ಫೀಲ್ಡ್ ಶಾಲೆ ಇದೇ ಕೆಲಸವನ್ನು ಶ್ರದ್ಧೆಯಿಂದ ಮಾಡಿತು. ಪೀಟರ್ ಹ್ಯಾನನ್ 1987ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಓದಿನ ಪರೀಕ್ಷೆಯ ಅಂಕಗಳು ಹೇಳಿಕೊಳ್ಳುವಷ್ಟು ಏರಲಿಲ್ಲ. ಹ್ಯಾರಿಂಗೇಯಲ್ಲಿ ಸಂಶೋಧಕರು ಮತ್ತೆ ಮತ್ತೆ ಮನೆಗೆ ಹೋಗಿ, ಮಗು ಓದುವುದನ್ನು ಪಕ್ಕದಲ್ಲಿ ಕೂತು ನೋಡಿ, ಹೀಗಲ್ಲ ಹಾಗೆ ಎಂದು ತೋರಿಸುತ್ತಿದ್ದರು. ವ್ಯತ್ಯಾಸ ಬಹುಶಃ ಅಲ್ಲಿದೆ ಎಂದು ನನ್ನ ಅಂದಾಜು. ಕೆನಡಾದ ಮೊನೀಕ್ ಸೆನೆಶಾಲ್ ಮತ್ತು ಲಾರಾ ಯಂಗ್ 2008ರಲ್ಲಿ ಇಂಥ 16 ಅಧ್ಯಯನಗಳನ್ನು, 1,340 ಕುಟುಂಬಗಳ ಲೆಕ್ಕವನ್ನು ಒಟ್ಟು ಹಾಕಿ ನೋಡಿದರು. ಮಗುವಿಗೆ ಕತೆ ಓದಿ ಹೇಳುವುದಕ್ಕಿಂತ ಮಗುವಿನ ಓದು ಕೇಳುವುದು ಹೆಚ್ಚು ಫಲ ಕೊಟ್ಟಿತ್ತು. ಅದಕ್ಕಿಂತಲೂ ಹೆಚ್ಚು ಫಲ ಸಿಕ್ಕಿದ್ದು ಅಕ್ಷರದಂಥ ನಿರ್ದಿಷ್ಟ ವಿಷಯವನ್ನು ಮನೆಯಲ್ಲಿ ಕಲಿಸಿದಾಗ. ಹಾಗಾದರೆ ಬರೀ ‘ಓದಿಸಿ ಕೇಳಿ’ ಎಂದರೆ ಸಾಲದು. ಕೇಳುವ ಕೆಲಸ ಅವ್ವನಿಗೆ, ಅಕ್ಷರದ ಕೆಲಸ ಅಣ್ಣನಿಗೆ, ಯಾವ ಅಕ್ಷರ ಎಂದು ಹೇಳುವ ಕೆಲಸ ನನಗೆ. ಯೋಜನೆ ಹೀಗೆ ಮೂರು ಪಾಲಾಯಿತು.

ಮನೆಯಲ್ಲಿ ಏನು ಓದಿಸಬೇಕು ಎಂಬುದಕ್ಕೆ ಅಮೆರಿಕದ ಜೇ ಸ್ಯಾಮ್ಯುವೆಲ್ಸ್ 1979ರಲ್ಲಿ ಬರೆದ ವಿಧಾನವನ್ನು ಹಿಡಿದೆ. ಹೊಸ ಹೊಸ ಪುಟ ಓದಿಸುವ ಬದಲು ಒಂದೇ ಚಿಕ್ಕ ಭಾಗವನ್ನು ಸಲೀಸಾಗುವವರೆಗೂ ಮತ್ತೆ ಮತ್ತೆ ಓದಿಸುವುದು ಅವರ ಪದ್ಧತಿ. ನಿಮಿಷಕ್ಕೆ 85 ಪದ ಮುಟ್ಟಿದರೆ ಮುಂದಿನ ಭಾಗಕ್ಕೆ ಹೋಗು ಎಂದು ಅವರು ಗುರಿ ಇಟ್ಟಿದ್ದರು. ಆ ಅಂಕಿಯನ್ನು ನಾವು ಎತ್ತಿಕೊಳ್ಳಬಾರದು. ‘ಹೋಗುತ್ತಿದ್ದಾಳೆ’ ಎಂಬುದು ನಮಗೆ ಒಂದು ಪದ, ಅವರಿಗೆ ಮೂರು. ನಾನು ವೇಗ ಬಿಟ್ಟು ತಪ್ಪನ್ನು ಅಳತೆಗೋಲು ಮಾಡಿಕೊಂಡೆ: 40 ಪದದಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಿಲ್ಲದಿದ್ದರೆ ಮುಂದಿನ ಚೀಟಿ.

ಪತ್ರವನ್ನು ಹುಡುಗಿಯ ಕೈಲಿ ಕಳಿಸಲಿಲ್ಲ. ಓದು ಬಾರದ ಮಗುವಿನ ಕೈಯಲ್ಲೇ ಅವಳಿಗೆ ಓದು ಬಾರದೆಂಬ ಪತ್ರ ಕೊಟ್ಟರೆ ದಾರಿಯಲ್ಲಿ ಯಾರಾದರೂ ಓದಿ ಆಡಿಕೊಳ್ಳುತ್ತಾರೆ. ಅವ್ವ ಮತ್ತು ಅಣ್ಣನನ್ನು ಕೂರಿಸಿ ನಾನೇ ಓದಿ ಹೇಳಿ ಕೊಟ್ಟೆ. ಅದು ಹೀಗಿತ್ತು:

“ತಂದೆ ತಾಯಿಯವರಿಗೆ ನಮಸ್ಕಾರ. ನಿಮ್ಮ ಮಗಳು ಕತೆ ಕೇಳಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ, ಲೆಕ್ಕ ಸರಿಯಾಗಿ ಮಾಡುತ್ತಾಳೆ. ಬಿಡಿ ಅಕ್ಷರಗಳು ಎಲ್ಲ ಬರುತ್ತವೆ. ದೀರ್ಘ ಮತ್ತು ಒತ್ತಕ್ಷರ ಇರುವ ಪದಗಳನ್ನು ಓದುವಾಗ ತಪ್ಪುತ್ತಾಳೆ, ಅದರಿಂದ ಓದು ನಿಧಾನವಾಗಿದೆ. ಕನ್ನಡದಲ್ಲಿ ಇವು ಬರಲು ಎಲ್ಲ ಮಕ್ಕಳಿಗೂ ಹೊತ್ತು ಹಿಡಿಯುತ್ತದೆ. ಅವಳಿಗೆ ಇನ್ನೂ ಸ್ವಲ್ಪ ಹೆಚ್ಚು ಅಭ್ಯಾಸ ಬೇಕು. ಎಂಟು ವಾರ ಹೀಗೆ ಮಾಡೋಣ.

ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಮೊದಲ ಐದು ನಿಮಿಷ ಅಣ್ಣ ನಾನು ಕೊಟ್ಟ ಚೀಟಿಗಳನ್ನು ತೋರಿಸಲಿ. ಚೀಟಿಗಳನ್ನು ದಿನವೂ ಕಲಸಬೇಕು, ಕಾಗುಣಿತದ ಸಾಲಿನಲ್ಲಿ ಇಡಬಾರದು. ಮೊದಲ ಮೂರು ವಾರ ‘ಕಡು, ಕಾಡು’, ‘ಬಿಡು, ಬೀಡು’, ‘ಗುಡಿ, ಗೂಡು’ ಇಂಥವು. ಆಮೇಲೆ ಎರಡು ವಾರ ಅಪ್ಪ, ಅಕ್ಕ, ಅಜ್ಜ, ಬೆಟ್ಟ, ಹಬ್ಬ. ಕೊನೆಯ ಮೂರು ವಾರ ಅಮ್ಮ, ಅನ್ನ, ಕಲ್ಲು, ಹತ್ತಿ, ರಸ್ತೆ, ರೇಷ್ಮೆ.

ಮುಂದಿನ ಹತ್ತು ನಿಮಿಷ ಅವಳು ಆ ವಾರದ ಕತೆಯ ಚೀಟಿಯನ್ನು ಅವ್ವನಿಗೆ ಗಟ್ಟಿಯಾಗಿ ಮೂರು ಸಲ ಓದಲಿ. ಬೆರಳಿಟ್ಟು ಓದಲಿ, ಆಗ ಬಾಯಿಪಾಠ ಹೇಳಿದರೆ ಗೊತ್ತಾಗುತ್ತದೆ. ತಾಯಿಯವರಿಗೆ ಓದಲು ಬರಬೇಕಾಗಿಲ್ಲ. ಮೂರನೆಯ ಸಲ ಮೊದಲಿಗಿಂತ ಕಡಿಮೆ ತಡವರಿಸಿದಳೇ ಎಂದು ಕೇಳಿದರೆ ಸಾಕು. ಓದಿ ಮುಗಿದ ಮೇಲೆ ಕತೆಯಲ್ಲಿ ಏನಾಯ್ತು ಎಂದು ಕೇಳಿ, ಅವಳ ಮಾತಲ್ಲೇ ಹೇಳಲಿ. ಪದ ಬಾರದೆ ನಿಂತರೆ ಅಣ್ಣ ಮನಸ್ಸಲ್ಲೇ ಐದು ಎಣಿಸಿ, ಆಮೇಲೂ ಬಾರದಿದ್ದರೆ ಪದ ಹೇಳಿಕೊಟ್ಟು ಮುಂದೆ ಹೋಗಲಿ. ನಗಬಾರದು, ಬೈಯಬಾರದು, ಬೇರೆ ಮಕ್ಕಳ ಹೆಸರು ಎತ್ತಬಾರದು.

ಹುಳು ನಾಲ್ಕನೇ ಜ್ವರದಿಂದ ಎದ್ದು ಹಣ್ಣಾಗುವವರೆಗೆ ನಿಮಗೆ ಕೈ ಬಿಡುವಿರುವುದಿಲ್ಲ, ನನಗೆ ಗೊತ್ತು. ಆ ದಿನಗಳಲ್ಲಿ ಚೀಟಿ ಬೇಡ. ನೀವು ಸೊಪ್ಪು ಹಾಕುತ್ತಿರುವಾಗ ಅವಳು ಪಕ್ಕದಲ್ಲಿ ನಿಂತು ಒಂದು ಸಲ ಓದಿದರೂ ಆಯಿತು. ಓದಿದ ದಿನ ಕಾರ್ಡಿನಲ್ಲಿ ಒಂದು ಗೀಟು ಹಾಕಿ. ಓದದ ದಿನ ಖಾಲಿ ಬಿಡಿ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಶನಿವಾರ ಕಾರ್ಡು ಕಳಿಸಿ, ನಾನು ಓದಿಸಿ ನೋಡಿ ಹೊಸ ಚೀಟಿ ಕೊಡುತ್ತೇನೆ. ಎರಡನೇ ವಾರ ಒಂದು ಸಂಜೆ ನಾನೇ ಮನೆಗೆ ಬರುತ್ತೇನೆ.”

ಗೀಟಿನ ಮಾತು ಸೇರಿಸಿದ್ದಕ್ಕೆ ಕಾರಣವಿದೆ. ಖಾಲಿ ಬಿಟ್ಟರೆ ಮೇಷ್ಟ್ರು ಬೈಯುತ್ತಾರೆ ಎನ್ನಿಸಿದರೆ ಕಾರ್ಡು ತುಂಬಿಯೇ ಬರುತ್ತದೆ, ಓದು ಮಾತ್ರ ಆಗಿರುವುದಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ಮನೆಯ ಚೀಟಿಯನ್ನು ಸಲೀಸಾಗಿ ಓದುವ ಮಗುವಿಗೆ ಅದೇ ಪದಗಳನ್ನು ಬೇರೆ ವಾಕ್ಯದಲ್ಲಿ ಹಾಕಿ ಕೊಡಿ. ಅಭ್ಯಾಸ ನಿಜವಾಗಿದ್ದರೆ ಓದುತ್ತದೆ, ಇಲ್ಲದಿದ್ದರೆ ‘ವಿರೂಪಾಕ್ಷಿಪುರ’ದ ಕತೆಯೇ ಮತ್ತೆ.

ಮನೆಗೆ ಹೋದ ಸಂಜೆ ಕಂಡದ್ದು ಪತ್ರದಲ್ಲಿ ನಾನು ಊಹಿಸದ ಸಂಗತಿ. ಅಣ್ಣ ಐದು ಎಣಿಸುತ್ತಿದ್ದ, ಆದರೆ ಗಟ್ಟಿಯಾಗಿ, ಬೆರಳು ಮಡಿಸುತ್ತ. ಹುಡುಗಿ ಪದ ನೋಡುವುದು ಬಿಟ್ಟು ಅವನ ಬೆರಳು ನೋಡುತ್ತಿದ್ದಳು. ಅವ್ವ ಮಾತ್ರ ಸರಿಯಾಗಿ ಮಾಡುತ್ತಿದ್ದರು. “ಏಯ್, ಸುಮ್ಕಿರ್ಲಾ, ಅವ್ಳೇ ಹೇಳ್ತಾಳೆ” ಎಂದು ಅವನ ಬಾಯಿ ಮುಚ್ಚಿಸಿ ಕಾದು ಕೂತರು. ಅಣ್ಣನನ್ನು ಅವಳ ಎದುರಿನಿಂದ ಎಬ್ಬಿಸಿ ಬೆನ್ನ ಹಿಂದೆ ಕೂರಿಸಿ ಬಂದೆ.

ಎಂಟು ವಾರ ಮುಗಿದಾಗ ಹೊಸ ಕತೆಯಲ್ಲಿ ನಿಮಿಷಕ್ಕೆ 31 ಪದ ಓದಿದಳು, 3 ತಪ್ಪು. ಹುಳು ಹಣ್ಣಾಗುವ ವಾರದ ಕಾರ್ಡು ಪೂರ್ತಿ ಖಾಲಿಯಿತ್ತು. ದೀರ್ಘದ ತಪ್ಪು ಹೆಚ್ಚುಕಡಿಮೆ ಹೋಗಿತ್ತು. ‘ಪಕ್ಷಿ’ ಬಂತು. ಉಳಿದ ಮೂರು ತಪ್ಪೂ ಒಂದೇ ಜಾತಿಯವು: ‘ಸೂರ್ಯ’, ‘ವರ್ಷ’, ‘ಅರ್ಕಾವತಿ’. ಅರ್ಕಾವತ್ತಿನಲ್ಲಿ ಸದ್ದು ಮೊದಲು ಬರುತ್ತದೆ, ಗುರುತು ಕೊನೆಗೆ ಬರುತ್ತದೆ. ‘ವರ್ಷ’ವನ್ನು ಅವಳು ಕಂಡ ಕ್ರಮದಲ್ಲೇ ‘ವಷರ’ ಎಂದಿದ್ದಳು, ನೋಡಿದ್ದನ್ನು ಓದುತ್ತಿದ್ದಾಳೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಎರಡನೆಯ ಪತ್ರದಲ್ಲಿ ಚೀಟಿ ತೋರಿಸುವುದರ ಜೊತೆಗೆ ಅಣ್ಣ ಇಂಥ ಪದಗಳನ್ನು ದಿನಕ್ಕೆ ನಾಲ್ಕರಂತೆ ಹೇಳಿ ಬರೆಸಲಿ ಎಂದು ಸೇರಿಸಿದೆ. ಕಿವಿಗೆ ಮೊದಲು ಬಿದ್ದದ್ದನ್ನು ಕೈ ಕೊನೆಯಲ್ಲಿ ಬರೆಯಬೇಕಾದಾಗ ಆ ತಿರುವು ಬೇಗ ಗೊತ್ತಾಗುತ್ತದೆ.